ಕಂಬಿ, ಸಿಮೆಂಟ್ ದರ ಏರಿದಾಗ ಹೆಚ್ಚುವರಿ ಹಣ ಎಷ್ಟು? ಮಂಡ್ಯದ ಒಂದು ಕಟ್ಟಡದ ಲೆಕ್ಕ

ಎರಡನೇ ಬಿಲ್ಲಿನ ಕಂಬಿಗೆ ದರ ಏರಿದೆ ಎಂದು ಗುತ್ತಿಗೆದಾರ ₹1,59,988 ಕೇಳುತ್ತಾನೆ. ಅದೇ ಬಿಲ್ಲು, ಅದೇ ಅಗ್ರಿಮೆಂಟ್, ಅದೇ ಅಂಗಡಿಯ ರಸೀದಿ ಇಟ್ಟುಕೊಂಡು ಸರಿಯಾಗಿ ಲೆಕ್ಕ ಹಾಕಿದರೆ ಬರುವುದು ₹28,500. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಕಂಬಿ ದರ ನಿಜವಾಗಿಯೂ ಏರಿದೆ, ರಸೀದಿಯೂ ಅಸಲಿಯೇ. ಆದರೂ ಮೊತ್ತ ಐದೂವರೆ ಪಟ್ಟು ಉಬ್ಬಿದೆ. ಮಂಡ್ಯ, ಮೈಸೂರು ಕಡೆ ಮಾಲೀಕರಿಗೂ ಗುತ್ತಿಗೆದಾರರಿಗೂ ಮನಸ್ತಾಪ ಆಗುವುದು ಹೆಚ್ಚಾಗಿ ಈ ನಡುವಿನ ಅಂತರದಲ್ಲಿ. ದರ ಏರಿದೆಯಾ ಇಲ್ವಾ ಅನ್ನುವುದರ ಬಗ್ಗೆ ಜಗಳ ಕಡಿಮೆ. ಯಾವ ತೂಕಕ್ಕೆ, ಯಾವ ದಿನದ ದರ, ಯಾವುದರ ಮೇಲೆ ಅನ್ನುವುದರ ಬಗ್ಗೆಯೇ ಜಗಳ.

ಒಂದು ಕಟ್ಟಡ ಇಟ್ಟುಕೊಂಡು ನೋಡೋಣ. ಮಂಡ್ಯದಲ್ಲಿ 90 ಚದರದ ವಾಣಿಜ್ಯ ಕಟ್ಟಡ, ಮೂರು ಅಂತಸ್ತು, ಅಂತಸ್ತಿಗೆ 30 ಚದರ. ಸಾಮಗ್ರಿ ಸಮೇತ ಗುತ್ತಿಗೆ. ಗುತ್ತಿಗೆದಾರರು ಜಿಎಸ್‌ಟಿ ನೋಂದಣಿ ಮಾಡಿಸಿದವರು. ಅಗ್ರಿಮೆಂಟಿನಲ್ಲಿ ಮೂಲ ದರ ಬರೆದಿದೆ: 12 ಎಂಎಂ ಕಂಬಿ ಟನ್ನಿಗೆ ₹54,000, ಸಿಮೆಂಟ್ 50 ಕೆಜಿ ಮೂಟೆಗೆ ₹290. ಎರಡೂ ಜಿಎಸ್‌ಟಿ ಬಿಟ್ಟು. ಶೇ 5ರಷ್ಟು ಏರಿಳಿತ ಗುತ್ತಿಗೆದಾರರದ್ದು, ಅದನ್ನು ದಾಟಿದ ಭಾಗ ಮಾಲೀಕರದ್ದು, ಇಳಿದರೂ ಹಾಗೆಯೇ. ಈ ದರಗಳೆಲ್ಲ ಲೆಕ್ಕ ತೋರಿಸಲು ಹಿಡಿದ ಅಂಕಿಗಳು. ಇವತ್ತಿನ ಮಾರುಕಟ್ಟೆ ದರ ಅಂತ ಯಾರೂ ತಿಳಿಯಬೇಡಿ.

ಎರಡನೇ ಬಿಲ್ಲು ನೆಲ ಅಂತಸ್ತಿನ ಪಿಲ್ಲರ್ ಮತ್ತು ಮೋಲ್ಡಿನದು. ಆ ಹೊತ್ತಿಗೆ ಕಂಬಿ ದರ ₹60,500 ಆಗಿತ್ತು. ಗುತ್ತಿಗೆದಾರರು ಒಂದೇ ಲೋಡಿನಲ್ಲಿ 9.2 ಟನ್ ತರಿಸಿದರು. 18% ಜಿಎಸ್‌ಟಿ ಸೇರಿ ರಸೀದಿಯಲ್ಲಿ ಟನ್ನಿಗೆ ₹71,390 ಬಿತ್ತು. ಅವರ ಲೆಕ್ಕ ಸರಳ: 71,390ರಲ್ಲಿ 54,000 ಕಳೆದರೆ 17,390, ಅದನ್ನು 9.2ರಿಂದ ಗುಣಿಸಿದರೆ 1,59,988. ಮೇಲ್ನೋಟಕ್ಕೆ ತಪ್ಪೇ ಕಾಣುವುದಿಲ್ಲ ಅಲ್ವಾ? ಆದರೆ ಇದರೊಳಗೆ ಮೂರು ತಪ್ಪು ಕೂತಿವೆ.

ಮೊದಲನೆಯದೇ ದೊಡ್ಡದು, ಜಿಎಸ್‌ಟಿ. ಮೂಲ ದರ ತೆರಿಗೆ ಬಿಟ್ಟು ಬರೆದದ್ದು, ಹೊಸ ದರ ತೆರಿಗೆ ಸೇರಿಸಿ ಹಿಡಿದದ್ದು. ನೋಂದಾಯಿತ ಗುತ್ತಿಗೆದಾರರಿಗೆ ಕಂಬಿ ಮೇಲೆ ಕಟ್ಟಿದ ಜಿಎಸ್‌ಟಿ ಖರ್ಚಲ್ಲ. ಮಾಲೀಕರಿಗೆ ಹಾಕುವ ಬಿಲ್ಲಿನ ತೆರಿಗೆಯಲ್ಲಿ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಕಳೆದುಕೊಳ್ಳುತ್ತಾರೆ. ಅದನ್ನೇ ಮತ್ತೆ ಮಾಲೀಕರಿಂದ ದರ ವ್ಯತ್ಯಾಸ ಅಂತ ವಸೂಲು ಮಾಡಿದರೆ ಒಂದೇ ತೆರಿಗೆ ಎರಡು ಸಲ ಬಂದಂತೆ. ತೆರಿಗೆ ಬಿಟ್ಟು ಹೋಲಿಸಿದರೆ ವ್ಯತ್ಯಾಸ ಟನ್ನಿಗೆ ₹6,500. ಕೇಳಿಕೆ ₹59,800ಕ್ಕೆ ಇಳಿಯಿತು. ಒಂದೇ ಏಟಿಗೆ ಲಕ್ಷ ರೂಪಾಯಿ ಹೋಯಿತು.

ಎರಡನೆಯದು ತೂಕ. ತಂದದ್ದು 9.2 ಟನ್, ಆದರೆ ಈ ಬಿಲ್ಲಿನಲ್ಲಿ ಕಟ್ಟಿದ್ದು 7.5 ಟನ್. ಉಳಿದ 1.7 ಟನ್ ಶೆಡ್ಡಿನಲ್ಲಿ ಮುಂದಿನ ಮೋಲ್ಡಿಗೆ ಅಂತ ಬಿದ್ದಿದೆ. ಅದರ ಲೆಕ್ಕ ಮುಂದಿನ ಬಿಲ್ಲಿಗೆ ಹೋಗಬೇಕು. ಈಗ ₹48,750.

ಮೂರನೆಯದು ಶೇ 5ರ ಮಿತಿ. ₹54,000ಕ್ಕೆ ಶೇ 5 ಅಂದರೆ ₹2,700. ಮೇಲಿನ ಗಡಿ ₹56,700. ಗಡಿಯ ಮೇಲಿನ ಭಾಗ ₹3,800. ಅದನ್ನು 7.5ರಿಂದ ಗುಣಿಸಿದರೆ ₹28,500.

ಈ ಮಿತಿಯ ಮಾತು ಅಗ್ರಿಮೆಂಟಿನಲ್ಲಿ ಹೇಗೆ ಬರೆದಿದೆ ಅನ್ನುವುದನ್ನು ಎರಡೆರಡು ಸಲ ಓದಬೇಕು. ‘ಶೇ 5 ದಾಟಿದರೆ ವ್ಯತ್ಯಾಸ ಕೊಡತಕ್ಕದ್ದು’ ಅಂತ ಬರೆದಿದ್ದರೆ ಪೂರ್ತಿ ₹6,500 ಕೇಳಬಹುದು ಎಂದು ಗುತ್ತಿಗೆದಾರ ವಾದಿಸುತ್ತಾನೆ. ‘ಶೇ 5ನ್ನು ಮೀರಿದ ಭಾಗ ಮಾತ್ರ’ ಅಂತ ಇದ್ದರೆ ₹3,800 ಅಷ್ಟೇ. ಒಂದು ಪದ ಬಿಟ್ಟುಹೋದರೆ ಈ ಕಟ್ಟಡದ ಮೊದಲ ಮೂರು ಬಿಲ್ಲಿನಲ್ಲೇ ಕಂಬಿ ಬಾಬತ್ತು ₹47,150 ಆಗುವ ಬದಲು ₹86,300 ಆಗುತ್ತದೆ. ನನ್ನ ಪ್ರಕಾರ ಸಣ್ಣ ಖಾಸಗಿ ಕೆಲಸಗಳಿಗೆ ‘ಮೀರಿದ ಭಾಗ ಮಾತ್ರ’ ಅನ್ನುವುದೇ ಸರಿ. ಪೂರ್ತಿ ವ್ಯತ್ಯಾಸದ ಪದ್ಧತಿಯಲ್ಲಿ ದರ ಶೇ 4.9 ಏರಿದರೆ ಸೊನ್ನೆ, ಶೇ 5.1 ಏರಿದರೆ ಧಡ್ ಅಂತ ಪೂರ್ತಿ ಮೊತ್ತ. ಆ ಗಡಿಯ ಹತ್ತಿರ ಬಂದಾಗ ಯಾವ ಅಂಗಡಿಯ ದರ, ಯಾವ ದಿನದ ದರ ಅಂತ ಎಳೆದಾಟ ಶುರುವಾಗದೆ ಇರುವುದಿಲ್ಲ.

ತೂಕದ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಮಾಲೀಕರಿಗೆ ಅನುಮಾನ ಬರುವುದು ಇಲ್ಲಿಯೇ. 7.5 ಟನ್ ಅನ್ನುವುದು ಎಲ್ಲಿಂದ ಬಂತು? ಅದು ರಸೀದಿಯಿಂದ ಬರಬಾರದು, ಬಾರ್ ಬೆಂಡಿಂಗ್ ಶೆಡ್ಯೂಲಿನಿಂದ ಬರಬೇಕು. ಡ್ರಾಯಿಂಗಿನಲ್ಲಿ ತೋರಿಸಿದ ಪ್ರತಿ ಕಂಬಿಯ ಉದ್ದ, ಸಂಖ್ಯೆ, ಲ್ಯಾಪ್, ಹುಕ್ಕು ಎಲ್ಲ ಸೇರಿಸಿ ಉದ್ದ ಕೂಡಿ, ಮೀಟರ್ ತೂಕದಿಂದ ಗುಣಿಸುವುದು. ಮೀಟರ್ ತೂಕಕ್ಕೆ ಸೈಟಿನಲ್ಲಿ ಎಲ್ಲರಿಗೂ ಗೊತ್ತಿರುವ ಸೂತ್ರ ಇದೆ: ವ್ಯಾಸದ ವರ್ಗವನ್ನು 162ರಿಂದ ಭಾಗಿಸು. 12 ಎಂಎಂ ಕಂಬಿಗೆ 144 ÷ 162, ಅಂದರೆ ಮೀಟರಿಗೆ ಸುಮಾರು 0.889 ಕೆಜಿ. ಆದರೆ ಅಂಗಡಿಯವರು ಮಾರುವುದು ವೇಬ್ರಿಡ್ಜ್ ತೂಕದ ಮೇಲೆ. ಕಂಬಿಯ ಭಾರತೀಯ ಮಾನದಂಡ ಐಎಸ್ 1786 ಪ್ರಕಾರ 10 ಎಂಎಂವರೆಗಿನ ಕಂಬಿಗೆ ಶೇ 7, 12ರಿಂದ 16 ಎಂಎಂಗೆ ಶೇ 5, ಅದಕ್ಕಿಂತ ದಪ್ಪದ್ದಕ್ಕೆ ಶೇ 3 ಹೆಚ್ಚು ಕಡಿಮೆ ಇರಬಹುದು. ಹಾಗಾಗಿ ಲೆಕ್ಕದ ತೂಕಕ್ಕೂ ತೂಕದ ಚೀಟಿಗೂ ಒಂದಿಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಭಾರ ಬಂದ ಕಂಬಿಯಾದರೆ ಗುತ್ತಿಗೆದಾರನಿಗೆ ನಷ್ಟ, ಹಗುರ ಬಂದರೆ ಲಾಭ. ಶೆಡ್ಯೂಲಿನ ತೂಕಕ್ಕೇ ಬಿಲ್ಲು ಅಂತ ಮೊದಲೇ ಒಪ್ಪಿಕೊಂಡರೆ ಈ ಮಾತು ಮುಗಿಯುತ್ತದೆ. ಕತ್ತರಿಸಿ ಉಳಿದ ತುಂಡು, ವೇಸ್ಟೇಜ್ ಎಲ್ಲ ಗುತ್ತಿಗೆ ದರದೊಳಗೇ ಇದೆ. ಅದಕ್ಕೆ ಬೇರೆ ವ್ಯತ್ಯಾಸ ಕೇಳುವ ಹಾಗಿಲ್ಲ.

ಸಿಮೆಂಟಿಗೆ ಶೆಡ್ಯೂಲ್ ಇಲ್ಲ, ಅದನ್ನು ಕೆಲಸದ ಅಳತೆಯಿಂದ ತೆಗೆಯಬೇಕು. ನಮ್ಮ ಅಗ್ರಿಮೆಂಟಿನಲ್ಲಿ ಎಂ25 ಕಾಂಕ್ರೀಟಿಗೆ ಘನ ಮೀಟರಿಗೆ 7 ಮೂಟೆ, ಗೋಡೆ ಕಟ್ಟಡಕ್ಕೆ ಘನ ಮೀಟರಿಗೆ 1.25 ಮೂಟೆ ಅಂತ ಬರೆದಿದೆ ಎಂದಿಟ್ಟುಕೊಳ್ಳಿ. ಎರಡನೇ ಬಿಲ್ಲಿನಲ್ಲಿ ಕಾಂಕ್ರೀಟ್ 75 ಘನ ಮೀಟರ್, ಅಂದರೆ 525 ಮೂಟೆ. ಮೇಸ್ತ್ರಿ ಸ್ವಲ್ಪ ಜಾಸ್ತಿ ಸಿಮೆಂಟ್ ಸುರಿದಿರಬಹುದು, ಮಳೆಗೆ ನಾಲ್ಕು ಮೂಟೆ ಗಟ್ಟಿಯಾಗಿರಬಹುದು. ಅದು ಮಾಲೀಕರ ಹೊಣೆ ಅಲ್ಲ.

ಇನ್ನು ಶೆಡ್ಡಿನಲ್ಲಿ ಉಳಿದ 1.7 ಟನ್. ಅದನ್ನು ₹60,500ಕ್ಕೆ ತಂದಾಗಿದೆ. ಮೂರನೇ ಬಿಲ್ಲಿನ ಹೊತ್ತಿಗೆ ದರ ₹59,000ಕ್ಕೆ ಇಳಿದಿದೆ. ಮೂರನೇ ಬಿಲ್ಲಿಗೆ 7 ಟನ್ ಬೇಕಾಯಿತು. ಮೊದಲು ಬಂದದ್ದು ಮೊದಲು ಬಳಕೆ ಅನ್ನುವ ಲೆಕ್ಕದಲ್ಲಿ 1.7 ಟನ್ನಿಗೆ ಹಳೇ ದರದ ₹3,800, ಉಳಿದ 5.3 ಟನ್ನಿಗೆ ಹೊಸ ದರದ ₹2,300. ಎರಡೂ ಸೇರಿ 6,460 + 12,190 = ₹18,650. ಸುಮ್ನೆ ಬಿಲ್ಲಿನ ತಿಂಗಳ ದರವನ್ನೇ ಎಲ್ಲಕ್ಕೂ ಹಿಡಿದರೆ ₹16,100 ಆಗುತ್ತಿತ್ತು. ಎರಡು ಪದ್ಧತಿಯೂ ನಡೆಯುತ್ತದೆ, ಆದರೆ ಒಂದನ್ನೇ ಕೊನೆತನಕ ಹಿಡಿಯಬೇಕು. ದರ ಏರುವಾಗ ಒಂದು, ಇಳಿಯುವಾಗ ಇನ್ನೊಂದು ಅಂದರೆ ಮಾಲೀಕರು ಬಿಡುವುದಿಲ್ಲ, ಬಿಡಲೂಬಾರದು. ಖರೀದಿ ದಿನದ ದರ ಹಿಡಿಯುವುದಾದರೆ ಒಂದು ಸಣ್ಣ ಸ್ಟಾಕ್ ಪುಸ್ತಕ ಬೇಕೇ ಬೇಕು: ಬಂದ ದಿನ, ವ್ಯಾಸ, ತೂಕ, ರಸೀದಿ ನಂಬರು, ಉಳಿಕೆ. ಅದರಲ್ಲಿ ಪ್ರತಿ ಲೋಡಿಗೂ ಮಾಲೀಕರ ಕಡೆಯವರ ಒಂದು ಸಹಿ ಇದ್ದರೆ ಮುಂದೆ ಅರ್ಧ ವಾದ ತಪ್ಪುತ್ತದೆ. ಸಿಮೆಂಟನ್ನು ಯಾರೂ ತಿಂಗಳುಗಟ್ಟಲೆ ಪೇರಿಸಿಡುವುದಿಲ್ಲ, ಹಳೇದಾದಷ್ಟೂ ಅದರ ಕಸುವು ಇಳಿಯುತ್ತದೆ. ಹಾಗಾಗಿ ಅದಕ್ಕೆ ಬಿಲ್ಲಿನ ತಿಂಗಳ ದರ ಸಾಕು.

ದರ ಹೋಲಿಸುವಾಗ ಇನ್ನೊಂದು ಮಾತು. 8 ಎಂಎಂ ಕಂಬಿಗೂ 12 ಎಂಎಂ ಕಂಬಿಗೂ ಒಂದೇ ದರ ಇರುವುದಿಲ್ಲ. ಒಂದೊಂದು ವ್ಯಾಸಕ್ಕೂ ಮೂಲ ದರ, ಹೊಸ ದರ ಬರೆಯುತ್ತಾ ಹೋದರೆ ಹಾಳೆ ತುಂಬುತ್ತದೆ, ಓದುವವರಿಗೆ ತಲೆ ಕೆಡುತ್ತದೆ. 12 ಎಂಎಂ ದರದಲ್ಲಿ ಬಂದ ರೂಪಾಯಿ ವ್ಯತ್ಯಾಸವನ್ನೇ ಎಲ್ಲ ವ್ಯಾಸಕ್ಕೂ ಹಾಕುವುದು ಒಳ್ಳೆಯದು. ಆದರೆ ಕಂಪನಿ, ಗ್ರೇಡು, ಹಣ ಕೊಡುವ ಷರತ್ತು ಮೂಲ ದರಕ್ಕೆ ಹಿಡಿದದ್ದೇ ಆಗಿರಬೇಕು. ಮೂಲ ದರ ಸಣ್ಣ ರೋಲಿಂಗ್ ಮಿಲ್ಲಿನ ಕಂಬಿಯದು, ಹೊಸ ದರ ದೊಡ್ಡ ಕಂಪನಿಯದು ಅಂತಾದರೆ ಅದು ದರ ಏರಿಕೆಯಲ್ಲ, ಸರಕೇ ಬೇರೆ. ನಗದು ದರವನ್ನು ಸಾಲದ ದರದ ಜೊತೆ ಹೋಲಿಸುವುದೂ ಇದೇ ಜಾತಿಯ ತಪ್ಪು.

ಈಗ ಸಿಮೆಂಟಿನ ಕಥೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿದಿದೆ. ಅಂದಿನಿಂದ ಮಾಲೀಕರ ಬಾಯಲ್ಲಿ ಒಂದೇ ಪ್ರಶ್ನೆ: ‘ಏನ್ ಸಾರ್, ಮೂಟೆಗೆ ಮೂವತ್ತು ರೂಪಾಯಿ ಇಳೀತಂತೆ, ನಮಗೇನೂ ಕಳೀಲಿಲ್ವಲ್ಲ?’ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಗುತ್ತಿಗೆದಾರರು ಯಾರು ಅನ್ನುವುದರ ಮೇಲೆ ನಿಂತಿದೆ.

₹290ರ ಮೂಟೆಗೆ 28% ತೆರಿಗೆ ಇದ್ದಾಗ ಅಂಗಡಿಯಲ್ಲಿ ₹371.20. 18% ಆದಮೇಲೆ ₹342.20. ಕೈಗೆ ಸಿಗುವ ಬೆಲೆ ₹29 ಇಳಿಯಿತು. ಆದರೆ ಕ್ರೆಡಿಟ್ ತೆಗೆದುಕೊಳ್ಳುವ ಗುತ್ತಿಗೆದಾರರಿಗೆ ಆಗಲೂ ಖರ್ಚು ₹290, ಈಗಲೂ ₹290. ಮೊದಲು ಹೆಚ್ಚು ತೆರಿಗೆ ಕಟ್ಟಿ ಹೆಚ್ಚು ಕ್ರೆಡಿಟ್ ಪಡೆಯುತ್ತಿದ್ದರು, ಈಗ ಕಡಿಮೆ ಕಟ್ಟಿ ಕಡಿಮೆ ಪಡೆಯುತ್ತಾರೆ. ಮೂಲ ದರವನ್ನೂ ತೆರಿಗೆ ಬಿಟ್ಟೇ ಬರೆದಿರುವಾಗ ಹಿಂದಿರುಗಿಸಲು ಏನೂ ಇಲ್ಲ. ಆದರೆ ನೋಂದಣಿ ಇಲ್ಲದ ಮೇಸ್ತ್ರಿ ಗುತ್ತಿಗೆ ಹಿಡಿದಿದ್ದರೆ ಕಥೆ ಬೇರೆ. ಅವರಿಗೆ ಕ್ರೆಡಿಟ್ ಇಲ್ಲ, ₹371.20 ಪೂರ್ತಿ ಅವರ ಖರ್ಚಾಗಿತ್ತು. ಅಂಥವರ ಅಗ್ರಿಮೆಂಟಿನಲ್ಲಿ ಮೂಲ ದರ ತೆರಿಗೆ ಸೇರಿಸಿಯೇ ಇರಬೇಕು. ಹಾಗಿದ್ದಾಗ ಶೇ 5 ಬಿಟ್ಟರೆ ಕೆಳಗಿನ ಗಡಿ ₹352.64. ಅದಕ್ಕಿಂತ ಕೆಳಗೆ ಬಂದ ₹10.44 ಮೂಟೆ ಲೆಕ್ಕದಲ್ಲಿ ಮಾಲೀಕರಿಗೆ ವಾಪಸ್ ಹೋಗಬೇಕು. ಇದನ್ನು ಮಾಲೀಕರು ಕೇಳುವ ಮೊದಲೇ ಹಾಳೆಯಲ್ಲಿ ಎರಡು ಸಾಲು ಬರೆದು ವಿವರಿಸಿದರೆ ಮುಂದಿನ ಮಾತು ಹಗುರಾಗುತ್ತದೆ.

ನಮ್ಮ ಕಟ್ಟಡದಲ್ಲಿ ಮೂರನೇ ಬಿಲ್ಲಿನ ತಿಂಗಳು ಸಿಮೆಂಟಿನ ಮೂಲ ಬೆಲೆಯೇ ₹268ಕ್ಕೆ ಇಳಿಯಿತು ಅನ್ನಿ. ಕೆಳಗಿನ ಗಡಿ ₹275.50. ಮೂಟೆಗೆ ₹7.50 ಮಾಲೀಕರಿಗೆ ವಾಪಸ್. ಆ ಬಿಲ್ಲಿನಲ್ಲಿ 70 ಘನ ಮೀಟರ್ ಕಾಂಕ್ರೀಟ್, 80 ಘನ ಮೀಟರ್ ಗೋಡೆ, ಒಟ್ಟು 590 ಮೂಟೆ. ಮೂರೂ ಬಿಲ್ಲು ಒಟ್ಟಿಗೆ ಹೀಗೆ ಕಾಣುತ್ತವೆ:

| ಬಿಲ್ಲು | ಸಾಮಗ್ರಿ | ಪ್ರಮಾಣ | ಆಗಿನ ದರ (₹) | ಗಡಿ ಮೀರಿದ ಭಾಗ (₹) | ಮೊತ್ತ (₹) |
|---|---|---|---|---|---|
| 1 | ಕಂಬಿ | 6.0 ಟನ್ | 55,500 | 0 | 0 |
| 1 | ಸಿಮೆಂಟ್ | 420 ಮೂಟೆ | 300 | 0 | 0 |
| 2 | ಕಂಬಿ | 7.5 ಟನ್ | 60,500 | 3,800 | 28,500.00 |
| 2 | ಸಿಮೆಂಟ್ | 525 ಮೂಟೆ | 312 | 7.50 | 3,937.50 |
| 3 | ಕಂಬಿ (ಹಳೇ ಸ್ಟಾಕು) | 1.7 ಟನ್ | 60,500 | 3,800 | 6,460.00 |
| 3 | ಕಂಬಿ (ಹೊಸ ಲೋಡು) | 5.3 ಟನ್ | 59,000 | 2,300 | 12,190.00 |
| 3 | ಸಿಮೆಂಟ್ | 590 ಮೂಟೆ | 268 | −7.50 | −4,425.00 |
| | ಒಟ್ಟು | | | | 46,662.50 |

ಇದರ ಮೇಲೆ 18% ಜಿಎಸ್‌ಟಿ ₹8,399.25. ಮಾಲೀಕರು ಕೊಡಬೇಕಾದ್ದು ₹55,061.75. ದರ ವ್ಯತ್ಯಾಸವೂ ಕೆಲಸದ ಬೆಲೆಯ ಭಾಗವೇ, ಅದಕ್ಕೂ ತೆರಿಗೆ ಬೀಳುತ್ತದೆ. ತೆರಿಗೆ ಸೇರುವುದು ಇಲ್ಲಿ, ಕೊನೆಯಲ್ಲಿ, ಒಂದೇ ಸಲ. ಗುತ್ತಿಗೆದಾರರ ಲಾಭಾಂಶ ಇದರ ಮೇಲೆ ಮತ್ತೆ ಸೇರುವುದಿಲ್ಲ. ಲಾಭ ಗುತ್ತಿಗೆ ದರದಲ್ಲೇ ಇದೆ, ಇದು ಬರೀ ವ್ಯತ್ಯಾಸ.

ಮೊದಲ ಬಿಲ್ಲಿನ ಸೊನ್ನೆಗಳನ್ನೂ ಮೂರನೇ ಬಿಲ್ಲಿನ ಮೈನಸ್ಸನ್ನೂ ಹಾಳೆಯಿಂದ ತೆಗೆಯಬೇಡಿ. ಗುತ್ತಿಗೆದಾರರು ಸಾಮಾನ್ಯವಾಗಿ ಸಿಗುವ ಸಾಲು ಮಾತ್ರ ಬರೆಯುತ್ತಾರೆ. ಆದರೆ ಮಾಲೀಕರ ಕಣ್ಣು ಮೊದಲು ಹೋಗುವುದೇ ಮೈನಸ್ ಇದೆಯಾ ಅಂತ. ₹4,425 ವಾಪಸ್ ಕೊಟ್ಟ ಹಾಳೆಯ ಮೇಲಿನ ₹47,150ನ್ನು ಅವರು ನಂಬುತ್ತಾರೆ.

ಮಾಲೀಕರ ಕಡೆಯ ಎಂಜಿನಿಯರ್ ಈ ಹಾಳೆಯನ್ನು ಹೇಗೆ ಪರೀಕ್ಷೆ ಮಾಡುತ್ತಾರೆ ಅನ್ನುವುದೂ ಗೊತ್ತಿರಲಿ. ಅವರು ಮೂರೂ ಬಿಲ್ಲಿನ ಕಂಬಿ ಕೂಡುತ್ತಾರೆ: 20.5 ಟನ್. ಮುಗಿದಿರುವುದು ಫೂಟಿಂಗ್ ಮತ್ತು ಎರಡು ಮೋಲ್ಡು, ಅಂದರೆ 60 ಚದರ. ಚದರಕ್ಕೆ ಸುಮಾರು 342 ಕೆಜಿ. ಇಂಥ ಕಟ್ಟಡಕ್ಕೆ ಇದು ಒಪ್ಪುವ ಅಂಕಿ. ಇದೇ ಲೆಕ್ಕ ಚದರಕ್ಕೆ 500 ಕೆಜಿ ದಾಟಿದರೆ ಅವರು ಶೆಡ್ಯೂಲ್ ತರಿಸಿ ಸಾಲು ಸಾಲು ನೋಡುತ್ತಾರೆ. ಹಾಳೆ ಕಳಿಸುವ ಮೊದಲು ಈ ಭಾಗಾಕಾರವನ್ನು ನೀವೇ ಮಾಡಿ ನೋಡಿ.

ಸರ್ಕಾರಿ ಕೆಲಸಗಳಲ್ಲಿ ದಾರಿ ಬೇರೆ. ಅಲ್ಲಿ ಅಂಗಡಿ ರಸೀದಿಗೆ ಬೆಲೆ ಇಲ್ಲ, ಸೂಚ್ಯಂಕದ ಮೇಲೆ ಲೆಕ್ಕ. ಕೇಂದ್ರ ಲೋಕೋಪಯೋಗಿ ಇಲಾಖೆಯ 10ಸಿಎ ಕಲಮಿನ ಸೂತ್ರ ಹೀಗಿದೆ:

```
V = P × Q × (CI − CI0) / CI0
```

ಇದರಲ್ಲಿ V ವ್ಯತ್ಯಾಸದ ಮೊತ್ತ, P ಟೆಂಡರ್ ದಿನದ ಮೂಲ ದರ, Q ಹಿಂದಿನ ಬಿಲ್ಲಿನ ನಂತರ ಕೆಲಸಕ್ಕೆ ಅಂತ ಸೈಟಿಗೆ ತಂದ ಪ್ರಮಾಣ, CI0 ಮತ್ತು CI ಆ ಸಾಮಗ್ರಿಯ ಹಳೇ ಮತ್ತು ಹೊಸ ಸಗಟು ಬೆಲೆ ಸೂಚ್ಯಂಕ. ಅನೇಕ ರಸ್ತೆ, ಕಟ್ಟಡ ಟೆಂಡರುಗಳಲ್ಲಿ ಇನ್ನೊಂದು ಬಗೆ ಇದೆ. ಅಲ್ಲಿ ಟನ್ನು, ಮೂಟೆ ಯಾವುದೂ ಬರುವುದಿಲ್ಲ. ಆ ಮೂರು ತಿಂಗಳಲ್ಲಿ ಮಾಡಿದ ಕೆಲಸದ ಮೌಲ್ಯಕ್ಕೆ ಕಂಬಿಯ ಪಾಲು ಇಷ್ಟು ಶೇಕಡಾ ಅಂತ ಹಿಡಿಯುತ್ತಾರೆ:

```
Vs = 0.85 × Ps/100 × R × (Si − So) / So
```

ಇದರಲ್ಲಿ Vs ಕಂಬಿಯ ವ್ಯತ್ಯಾಸದ ಮೊತ್ತ, Ps ಕಂಬಿಯ ಪಾಲಿನ ಶೇಕಡಾ, R ಆ ಅವಧಿಯ ಕೆಲಸದ ಮೌಲ್ಯ, So ಮತ್ತು Si ಕಂಬಿಯ ಹಳೇ ಮತ್ತು ಹೊಸ ಸೂಚ್ಯಂಕ. ಮೂರು ತಿಂಗಳಲ್ಲಿ ₹50 ಲಕ್ಷದ ಕೆಲಸ, ಕಂಬಿಯ ಪಾಲು ಶೇ 20, ಸೂಚ್ಯಂಕ 130ರಿಂದ 143ಕ್ಕೆ ಏರಿದೆ ಅನ್ನಿ. 0.85 × 0.20 × 50,00,000 × 0.10, ಅಂದರೆ ₹85,000. 0.85 ಇರುವುದರಿಂದ ಶೇ 15 ಭಾಗಕ್ಕೆ ವ್ಯತ್ಯಾಸವೇ ಇಲ್ಲ. ಈ ಪದ್ಧತಿಯಲ್ಲಿ ತೂಕದ ಜಗಳ ಇಲ್ಲ, ಆದರೆ ಬೇರೊಂದು ಏರುಪೇರು ಇದೆ. ಪಾಲಿನ ಶೇಕಡಾ ಇಡೀ ಗುತ್ತಿಗೆಗೆ ಒಂದೇ. ಮೋಲ್ಡ್ ಹಾಕುವ ತಿಂಗಳಲ್ಲಿ ನಿಜವಾಗಿ ಕಂಬಿ ಶೇ 35 ಹೋಗಿರಬಹುದು, ಸಿಗುವುದು ಶೇ 20ರ ಲೆಕ್ಕ. ಟೈಲ್ಸ್ ಹಾಕುವ ತಿಂಗಳಲ್ಲಿ ಒಂದು ಕಂಬಿ ತರದಿದ್ದರೂ ಅದೇ ಶೇ 20. ಒಂದು ಬಿಲ್ಲು ನೋಡಿ ಅನ್ಯಾಯ ಅನ್ನುವಂತಿಲ್ಲ, ಕೊನೆಯಲ್ಲಿ ಕೂಡಿ ನೋಡಬೇಕು.

2011-12 ಮೂಲ ವರ್ಷದ ಸೂಚ್ಯಂಕದಲ್ಲಿ ಪರೋಕ್ಷ ತೆರಿಗೆ ಸೇರಿಲ್ಲ. ಹಾಗಾಗಿ ಸಿಮೆಂಟಿನ ತೆರಿಗೆ ಇಳಿದದ್ದು ಈ ಸೂತ್ರದಲ್ಲಿ ಕಾಣುವುದೇ ಇಲ್ಲ. ಅದನ್ನು ಟೆಂಡರಿನ ತೆರಿಗೆ ಬದಲಾವಣೆ ಕಲಮಿನಲ್ಲಿ ಬೇರೆಯಾಗಿ ನೋಡಬೇಕು. ಸೂಚ್ಯಂಕ ಮೊದಲು ತಾತ್ಕಾಲಿಕವಾಗಿ ಬರುತ್ತದೆ, ಆಮೇಲೆ ಅಂತಿಮವಾಗುತ್ತದೆ. ತಾತ್ಕಾಲಿಕದ ಮೇಲೆ ಬಿಲ್ಲು ಮಾಡಿದ್ದರೆ ಹಾಗಂತ ಬರೆದಿಡಿ, ಅಂತಿಮ ಅಂಕಿ ಬಂದಾಗ ಸರಿಪಡಿಸಿ.

ತಡ ಯಾರಿಂದ ಆಯಿತು ಅನ್ನುವುದು ಎಲ್ಲ ಕಡೆಯೂ ಬರುವ ಪ್ರಶ್ನೆ. ಇದಕ್ಕೆ ಒಂದು ನೇರ ಉತ್ತರ ಇದೆ: ಒಪ್ಪಿದ ಅವಧಿ ಮುಗಿದ ಮೇಲೆ, ಗುತ್ತಿಗೆದಾರನದೇ ತಡವಾಗಿದ್ದರೆ, ಅವಧಿ ಮುಗಿದ ದಿನದ ಸೂಚ್ಯಂಕ ಅಥವಾ ಈಗಿನ ಸೂಚ್ಯಂಕ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಖಾಸಗಿ ಕೆಲಸಕ್ಕೂ ಇದು ಒಳ್ಳೆಯ ನಿಯಮ. ಸೆಂಟ್ರಿಂಗ್ ಹಲಗೆ ಸಿಗದೆ ಎರಡು ತಿಂಗಳು ಕೆಲಸ ನಿಂತರೆ ಆ ಏರಿಕೆ ಗುತ್ತಿಗೆದಾರನದು. ಮಾಲೀಕರು ಕಂತು ಕೊಡದೆ ನಿಂತರೆ ಅದು ಮಾಲೀಕರದು. ಎರಡಕ್ಕೂ ಸೈಟ್ ಡೈರಿಯಲ್ಲಿ ತಾರೀಕು ಇರಬೇಕು.

ಇನ್ನು ಮಾಲೀಕರ ಮುಂದೆ ಇಡುವುದು ಹೇಗೆ. ಹೆಚ್ಚಿನವರು ಎಡವುವುದು ಲೆಕ್ಕದಲ್ಲಲ್ಲ, ಹೊತ್ತಿನಲ್ಲಿ. ಮೋಲ್ಡ್ ಆಗಿ, ಸೆಂಟ್ರಿಂಗ್ ಬಿಚ್ಚಿ, ಆಮೇಲೆ ‘ಕಂಬಿ ಜಾಸ್ತಿ ಆಯ್ತು’ ಅಂದರೆ ಮಾಲೀಕರಿಗೆ ಮಾಡಲು ಏನೂ ಉಳಿದಿರುವುದಿಲ್ಲ. ದರ ಗಡಿ ದಾಟಿದ ವಾರವೇ, ಕಂಬಿ ತರಿಸುವ ಮೊದಲೇ, ಒಂದು ಚಿಕ್ಕ ಪತ್ರ ಕೊಡಬೇಕು. ಹೀಗೆ ಬರೆದರೆ ಸಾಕು:

‘ಗೌಡ್ರೇ, ನಮ್ಮ ಅಗ್ರಿಮೆಂಟಿನಲ್ಲಿ 12 ಎಂಎಂ ಕಂಬಿಗೆ ಮೂಲ ದರ ಟನ್ನಿಗೆ ₹54,000 ಇದೆ. ಈ ವಾರದ ದರ ₹60,500. ಅಂಗಡಿಯ ಕೊಟೇಶನ್ ಜೊತೆಗಿದೆ. ಎರಡೂ ಜಿಎಸ್‌ಟಿ ಬಿಟ್ಟ ದರ. ನೆಲ ಅಂತಸ್ತಿನ ಮೋಲ್ಡಿಗೆ ಸುಮಾರು 7.5 ಟನ್ ಬೇಕು. ಶೇ 5 ನಮ್ಮದು ಕಳೆದು ನಿಮ್ಮ ಪಾಲಿಗೆ ಸುಮಾರು ₹28,500 ಮತ್ತು ಜಿಎಸ್‌ಟಿ ಬರಬಹುದು. ಬೇರೆ ಕಡೆ ಕಡಿಮೆ ದರಕ್ಕೆ ಇದೇ ಕಂಪನಿಯ ಕಂಬಿ ಸಿಗುವುದಾದರೆ ಶುಕ್ರವಾರದೊಳಗೆ ತಿಳಿಸಿ, ಅಲ್ಲಿಂದಲೇ ತರಿಸುತ್ತೇವೆ.’

ಕೊನೆಯ ವಾಕ್ಯ ಔಪಚಾರಿಕ ಅಲ್ಲ. ಕೆಲವು ಮಾಲೀಕರು ನಿಜವಾಗಿಯೂ ವಿಚಾರಿಸುತ್ತಾರೆ, ತಾವೇ ಕೊಡಿಸುತ್ತೇವೆ ಅನ್ನುತ್ತಾರೆ. ಒಪ್ಪಿಕೊಳ್ಳಿ, ಆದರೆ ಕಳೆಯುವ ಲೆಕ್ಕ ಮೊದಲೇ ಹೇಳಿ. ಮಾಲೀಕರು ₹60,500ಕ್ಕೆ ಕೊಂಡರೂ ಗುತ್ತಿಗೆ ಬಿಲ್ಲಿನಿಂದ ಕಳೆಯಬೇಕಾದ್ದು ₹54,000, ಏಕೆಂದರೆ ಗುತ್ತಿಗೆ ದರದೊಳಗೆ ಇರುವುದು ಅಷ್ಟೇ. ಗುತ್ತಿಗೆದಾರನ ಪಾಲಿನ ಶೇ 5 ಏರಿಕೆ ಸೇರಿಸಿದರೆ ₹56,700. ಇದನ್ನು ಹೇಳದೆ ಬಿಟ್ಟರೆ ಮಾಲೀಕರು ತಮ್ಮ ರಸೀದಿಯ ಮೊತ್ತವನ್ನೇ ಕಳೆಯುತ್ತಾರೆ. ಆಗ ಏರಿಕೆಯೆಲ್ಲ ಗುತ್ತಿಗೆದಾರನ ತಲೆಗೆ ಬರುತ್ತದೆ.

ಮೂಲ ದರ, ಗಡಿ ಅನ್ನುವುದನ್ನು ವಿವರಿಸಲು ಮಂಡ್ಯದಲ್ಲಿ ಕಷ್ಟಪಡಬೇಕಿಲ್ಲ. ಕಬ್ಬು ಬೆಳೆಯುವವರಿಗೆ ಎಫ್‌ಆರ್‌ಪಿ, ಅಂದರೆ ಕೇಂದ್ರ ಸರ್ಕಾರ ಕಬ್ಬಿಗೆ ಕಟ್ಟುವ ಕನಿಷ್ಠ ದರ, ಗೊತ್ತು. 2025-26ರ ಹಂಗಾಮಿಗೆ ಕ್ವಿಂಟಲಿಗೆ ₹355, ಅದು 10.25% ಇಳುವರಿಗೆ ಕಟ್ಟಿದ ದರ. ಇಳುವರಿ ಅದಕ್ಕಿಂತ ಮೇಲಾದರೆ ಮೇಲಿನ ಭಾಗಕ್ಕೆ ಮಾತ್ರ ಹೆಚ್ಚುವರಿ. ಕಂಬಿ ಹಾಳೆಯೂ ಅದೇ ಥರ, ಇಲ್ಲಿ ಇಳುವರಿಯ ಜಾಗದಲ್ಲಿ ಮಾರುಕಟ್ಟೆ ದರ. ಇಷ್ಟು ಹೇಳಿದರೆ ‘ಓ, ಹಂಗಾ’ ಅಂತಾರೆ.

ಬಿಲ್ಲಿನ ಜೊತೆ ಹಾಳೆ ಕೊಡುವಾಗ ಮೇಲೆ ಒಂದೇ ಸಾಲಿನಲ್ಲಿ ಕೊಡಬೇಕಾದ ಮೊತ್ತ, ಕೆಳಗೆ ಆ ಪಟ್ಟಿ, ಹಿಂದೆ ಶೆಡ್ಯೂಲಿನ ಒಟ್ಟು, ಕಾಂಕ್ರೀಟ್ ಅಳತೆ, ರಸೀದಿ ನಕಲು. ಪಟ್ಟಿಯನ್ನು ಕೆಲಸದ ಬಿಲ್ಲಿನೊಳಗೆ ಬೆರೆಸಬಾರದು, ಬೇರೆ ಸಾಲಾಗಿ ತೋರಿಸಬೇಕು. ಬೆರೆಸಿದರೆ ಒಂದು ಅಂಕಿಯ ತಕರಾರಿಗೆ ಇಡೀ ಬಿಲ್ಲು ನಿಲ್ಲುತ್ತದೆ. ಎದುರು ಕೂತು ಮಾತಾಡುವಾಗ ಕಂಬಿಯ ಸಾಲಿನಿಂದ ಶುರು ಮಾಡಬೇಡಿ, ತೂಕದಿಂದ ಶುರು ಮಾಡಿ. 7.5 ಟನ್ನಿಗೆ ಹೂಂ ಅಂದವರು ಉಳಿದದ್ದಕ್ಕೆ ಹೆಚ್ಚು ಎಳೆಯುವುದಿಲ್ಲ, ಏಕೆಂದರೆ ದರ ಅವರಿಗೂ ಗೊತ್ತಿರುತ್ತದೆ.

ಅಗ್ರಿಮೆಂಟಿನಲ್ಲಿ ಈ ಕಲಮೇ ಇಲ್ಲದಿದ್ದರೆ? ಚದರಕ್ಕೆ ಇಷ್ಟು ಅಂತ ಒಂದೇ ದರ ಬರೆದ ಕಾಗದ ನಮ್ಮ ಕಡೆ ಎಷ್ಟೋ ಇವೆ. ಆಗ ನೇರವಾಗಿ ಹೇಳುವುದಾದರೆ ಗುತ್ತಿಗೆದಾರನಿಗೆ ಹಕ್ಕು ಇಲ್ಲ, ಅಷ್ಟೇ. ಬೆಲೆ ಏರಿತು ಅಂದ ಮಾತ್ರಕ್ಕೆ ಒಪ್ಪಿದ ದರ ಬಿದ್ದುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1960ರಲ್ಲೇ ಅಲೋಪಿ ಪರ್ಷಾದ್ ಪ್ರಕರಣದಲ್ಲಿ ಹೇಳಿದೆ. ಅದು ಕಟ್ಟಡದ ಪ್ರಕರಣವೂ ಅಲ್ಲ, ಯುದ್ಧಕಾಲದಲ್ಲಿ ಸೈನ್ಯಕ್ಕೆ ತುಪ್ಪ ಪೂರೈಸಿದ ಏಜೆಂಟರದ್ದು. 2022ರ ಮೊದಲ ತಿಂಗಳುಗಳಲ್ಲಿ ಉಕ್ಕಿನ ಬೆಲೆ ಜಿಗಿದು, ಮೇನಲ್ಲಿ ಕೇಂದ್ರ ರಫ್ತು ಸುಂಕ ಹಾಕಿ, ನವೆಂಬರಿನಲ್ಲಿ ತೆಗೆಯಿತು. ಆಗ ಕಲಮು ಇಲ್ಲದವರಿಗೆ ಉಳಿದದ್ದು ಮನವಿ ಮಾತ್ರ.

ಮನವಿ ಆದರೂ ಇದೇ ಹಾಳೆಯಲ್ಲೇ ಮಾಡಿ. ಮೂಲ ದರ ಬರೆದಿಲ್ಲವಾದ್ದರಿಂದ ಅಗ್ರಿಮೆಂಟ್ ತಾರೀಕಿನ ವಾರದ ಅಂಗಡಿ ರಸೀದಿ ಅಥವಾ ಕೊಟೇಶನ್ ಹುಡುಕಿ. ಶೇ 5ರ ಬದಲು ಶೇ 8 ಅಥವಾ 10 ನಮ್ಮದು ಅಂತ ಹೇಳಿ, ಉಳಿದದ್ದರಲ್ಲಿ ಅರ್ಧ ಕೇಳಿ. ಎರಡನೇ ಬಿಲ್ಲಿನ ಕಂಬಿಗೆ ಶೇ 8 ಬಿಟ್ಟರೆ ಗಡಿ ₹58,320, ಮೀರಿದ್ದು ₹2,180, ಅದರ ಅರ್ಧ ₹1,090, 7.5 ಟನ್ನಿಗೆ ₹8,175. ಮಾಲೀಕರು ಒಪ್ಪಿದರೆ ಬಾಯಿಮಾತಿಗೆ ಬಿಡದೆ ಒಂದು ಪೂರಕ ಅಗ್ರಿಮೆಂಟ್ ಮಾಡಿಸಿ. ಅದರಲ್ಲಿ ಉಳಿದ ಬಿಲ್ಲುಗಳಿಗೆ ಮೂಲ ದರ, ಅದು ತೆರಿಗೆ ಬಿಟ್ಟದ್ದೋ ಸೇರಿಸಿದ್ದೋ, ತೂಕ ಶೆಡ್ಯೂಲಿನದೇ ಎಂಬುದು, ಮೀರಿದ ಭಾಗ ಮಾತ್ರ ಎಂಬ ಮಾತು, ಇಳಿದರೆ ವಾಪಸ್ ಎಂಬ ಮಾತು ಬರಲಿ. ಒಪ್ಪದಿದ್ದರೆ ಉಳಿದ ಮೋಲ್ಡಿನ ಕಂಬಿಯನ್ನು ಅವರೇ ತಂದುಕೊಡಲಿ ಅಂತ ಕೇಳಿ ನೋಡಿ, ಕಳೆಯುವ ದರ ಅಗ್ರಿಮೆಂಟ್ ತಾರೀಕಿನದೇ ಇರಬೇಕು ಅನ್ನುವ ಷರತ್ತಿನ ಮೇಲೆ.